ಎಕ್ಸ್‌ಚೇಂಜ್ ಖಾತೆ ಫ್ರೀಜ್ ಆಯಿತೇ? ಕಾಯಿನ್ ಎಲ್ಲಿಂದ ಬಂತು ಅಂತ ತೋರಿಸುವುದು ಹೀಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ಕಲಬುರಗಿ ಬಿಸಿಲಿಗೆ ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಅಂಥ ಹೊತ್ತಲ್ಲಿ ಅಕ್ಕನ ಮಗ ಸೇಡಂ ರಸ್ತೆಯಿಂದ ಗಾಡಿ ಓಡಿಸಿಕೊಂಡು ಬಂದ. ಮುಖ ಒರೆಸಿಕೊಳ್ಳದೆ ಫೋನ್ ನನ್ನ ಮುಂದೆ ಹಿಡಿದ.

"ಮಾಮಾ, ರೊಕ್ಕ ತೆಗೀಲಿಕ್ಕೆ ಬರವಲ್ದು. ನಾ ಏನ್ ತಪ್ಪ ಮಾಡೀನಿ?"

ಅವನು ಮನೆಯಲ್ಲೇ ಕೂತು ಹೊರದೇಶದ ಒಬ್ಬ ಗಿರಾಕಿಗೆ ವಿಡಿಯೋ ಎಡಿಟಿಂಗ್ ಮಾಡಿಕೊಡುತ್ತಾನೆ. ಗಿರಾಕಿ ಕೂಲಿ ಕೊಡುವುದು ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಕಾಯಿನ್ ಆದ ಯುಎಸ್‌ಡಿಟಿಯಲ್ಲಿ. ಹಿಂದಿನ ದಿನ ತನ್ನ ವಾಲೆಟ್‌ನಿಂದ 1,480 ಯುಎಸ್‌ಡಿಟಿಯನ್ನು, ಕ್ರಿಪ್ಟೋ ಕೊಂಡು ಮಾರುವ ಒಂದು ಎಕ್ಸ್‌ಚೇಂಜ್‌ಗೆ ಹಾಕಿದ್ದ. ಡೆಪಾಸಿಟ್ ಬಂದಿದೆ ಅಂತ ತೋರಿಸಿತು. ಅದಾದ ಮೇಲೆ ಮಾರಲೂ ಆಗಲಿಲ್ಲ, ತೆಗೆಯಲೂ ಆಗಲಿಲ್ಲ. ಒಂದು ಇಮೇಲ್ ಬಂದಿತ್ತು. ಅದರಲ್ಲಿ ಡೆಪಾಸಿಟ್‌ನ ಗುರುತಿನ ಸಂಖ್ಯೆಯಾದ ಹ್ಯಾಶ್ ಕೊಟ್ಟು, ಈ ಹಣದ ಮೂಲ ಏನು, ಕಳಿಸಿದವರಿಗೂ ನಿಮಗೂ ಏನು ಸಂಬಂಧ ಅಂತ ಕೇಳಿದ್ದರು. ಗಾಬರಿಯಲ್ಲಿ ಅವನು ಆಗಲೇ ಆಧಾರ್ ಮತ್ತು ಪ್ಯಾನ್ ಮತ್ತೊಮ್ಮೆ ಕಳಿಸಿಬಿಟ್ಟಿದ್ದ. ಜೊತೆಗೆ ಬೈದು ಎರಡು ಸಾಲು.

ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಇಂಥ ಕೇಸುಗಳು ಈಗ ನಮ್ಮ ಟೇಬಲ್ಲಿಗೂ ಬರುತ್ತಿವೆ. ಬಹಳಷ್ಟು ಜನ ಎಡವುವುದು ಇವನು ಎಡವಿದ ಜಾಗದಲ್ಲೇ. ಅವರು ಕೇಳುವುದು "ಈ ಕಾಯಿನ್ ಯಾರು ಕೊಟ್ಟರು" ಅಂತ. ನಾವು ಹೇಳುವುದು "ನಾನು ಯಾರು" ಅಂತ. ನೀವು ಯಾರು ಅನ್ನುವುದು ಅವರಿಗೆ ಖಾತೆ ತೆರೆದ ದಿನವೇ ಗೊತ್ತಿದೆ.

ಮೊದಲು, ತಡೆದದ್ದು ಯಾರು ಅಂತ ತಿಳಿದುಕೊಳ್ಳಿ

ಖಾತೆ ಬಂದ್ ಆಗಿದೆ ಅಂದರೆ ಮೂರರಲ್ಲಿ ಒಂದು ಆಗಿರುತ್ತದೆ. ಮೂರಕ್ಕೂ ದಾರಿ ಬೇರೆ ಬೇರೆ.

ಒಂದು, ಎಕ್ಸ್‌ಚೇಂಜ್ ತಾನಾಗಿಯೇ ತಡೆದಿರುವುದು. ಇಮೇಲ್‌ನಲ್ಲಿ ಪ್ರಶ್ನೆಗಳಿರುತ್ತವೆ, ದಾಖಲೆ ಕೇಳಿರುತ್ತಾರೆ, ಉತ್ತರಿಸಲು ಟಿಕೆಟ್ ನಂಬರ್ ಕೊಟ್ಟಿರುತ್ತಾರೆ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ಎರಡು, ಪೊಲೀಸರ ಅಥವಾ ಬೇರೆ ತನಿಖಾ ಸಂಸ್ಥೆಯ ಪತ್ರ ಹೋಗಿ ತಡೆದಿರುವುದು. ಜಪ್ತಿಗೆ ಬಳಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ. ಹಳೇ ಸಿಆರ್‌ಪಿಸಿಯಲ್ಲಿ ಅದು 102 ಆಗಿತ್ತು. ಹೀಗಾಗಿದ್ದರೆ ನೀವು ಎಷ್ಟೇ ದಾಖಲೆ ಕೊಟ್ಟರೂ ಎಕ್ಸ್‌ಚೇಂಜ್ ತಾನಾಗಿ ತೆರೆಯುವ ಹಾಗಿಲ್ಲ. "ಯಾವ ಠಾಣೆ, ಯಾವ ಊರು, ಪತ್ರದ ನಂಬರ್ ಏನು" ಅಂತ ಮಾತ್ರ ಕೇಳಿ. ಮುಂದಿನ ದಾರಿ ಆ ತನಿಖಾಧಿಕಾರಿ ಹತ್ತಿರ, ಇಲ್ಲವೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ವಕೀಲರು ಬೇಕು.

ಮೂರು, ಎಕ್ಸ್‌ಚೇಂಜೇ ನಕಲಿ. "ನಿಮ್ಮ ಖಾತೆ ಫ್ರೀಜ್ ಆಗಿದೆ, ಬಿಡಿಸಲು ಮೊದಲು ಇಷ್ಟು ಶೇಕಡಾ ತೆರಿಗೆ ಡೆಪಾಸಿಟ್ ಮಾಡಿ" ಅಂದರೆ ಅಲ್ಲಿಗೆ ಕಥೆ ಮುಗಿಯಿತು. ಅಸಲಿ ಎಕ್ಸ್‌ಚೇಂಜ್ ಫ್ರೀಜ್ ತೆಗೆಯಲು ದುಡ್ಡು ಕೇಳುವುದಿಲ್ಲ. ತಕ್ಷಣ 1930ಕ್ಕೆ ಫೋನ್ ಮಾಡಿ, `cybercrime.gov.in` ನಲ್ಲಿ ದೂರು ಹಾಕಿ. ಆಮೇಲೆ ಸೈಬರ್ ಅಪರಾಧ ನೋಡುವ ನಮ್ಮ ಸೆನ್ ಠಾಣೆಗೆ ಹೋಗಿ.

ಇಮೇಲ್ ಬಂದರೆ ಅದರೊಳಗಿನ ಲಿಂಕ್ ಒತ್ತಬೇಡಿ. ಆ್ಯಪ್ ತೆರೆದು, ಅದೇ ಟಿಕೆಟ್ ಅಲ್ಲೂ ಕಾಣುತ್ತದೆಯೇ ನೋಡಿ. ಕಂಡರೆ ಆ ಇಮೇಲ್ ಅಸಲಿ.

ಒಳ್ಳೆಯವನ ಕಾಯಿನ್‌ಗೆ ಕಲೆ ಅಂಟುವುದು ಹೇಗೆ

2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಅವು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಬೇಕು, ಅನುಮಾನ ಬಂದ ವ್ಯವಹಾರವನ್ನು ಅಲ್ಲಿಗೆ ವರದಿ ಮಾಡಬೇಕು. ಹಾಗೆ ವರದಿ ಮಾಡಿದ್ದನ್ನು ಖಾತೆದಾರನಿಗೆ ಹೇಳುವಂತಿಲ್ಲ. ಸಪೋರ್ಟ್‌ನವರು "ಪರಿಶೀಲನೆ ನಡೆಯುತ್ತಿದೆ" ಅನ್ನುವ ಒಂದೇ ಮಾತನ್ನು ಗಿಳಿಯ ಹಾಗೆ ಹೇಳುವುದಕ್ಕೆ ಇದೂ ಒಂದು ಕಾರಣ. ಅದು ಸೊಕ್ಕು ಅಂತ ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವರ ಬಾಯಿಗೆ ಕಾನೂನೇ ಬೀಗ ಹಾಕಿರುತ್ತದೆ.

ಪ್ರತಿ ಡೆಪಾಸಿಟ್ ಬಂದಾಗಲೂ ಒಂದು ಸಾಫ್ಟ್‌ವೇರ್ ಅದರ ಹಿಂದಿನ ದಾರಿ ನೋಡುತ್ತದೆ. ಚೈನಾಲಿಸಿಸ್, ಎಲಿಪ್ಟಿಕ್, ಟಿಆರ್‌ಎಂ ಲ್ಯಾಬ್ಸ್ ಮುಂತಾದ ಕಂಪನಿಗಳು ಇದನ್ನು ಮಾರುತ್ತವೆ. ಹ್ಯಾಕ್ ಆದ ಹಣ, ವಂಚನೆಯ ವಾಲೆಟ್, ಕಾಯಿನ್ ಕಲಸಿ ಗುರುತು ಅಳಿಸುವ ಮಿಕ್ಸರ್, ನಿರ್ಬಂಧ ಹೇರಿದ ಎಕ್ಸ್‌ಚೇಂಜ್ ಹೀಗೆ ಅವರ ಬಳಿ ಹೆಸರಿಟ್ಟ ವಿಳಾಸಗಳ ದೊಡ್ಡ ಪಟ್ಟಿ ಇದೆ. ಉದಾಹರಣೆಗೆ, ಗ್ಯಾರಂಟೆಕ್ಸ್ ಅನ್ನುವ ಎಕ್ಸ್‌ಚೇಂಜ್ ಮೇಲೆ ಅಮೆರಿಕ 2022ರ ಏಪ್ರಿಲ್‌ನಲ್ಲಿ ನಿರ್ಬಂಧ ಹೇರಿತು. ಅಲ್ಲಿಂದ ಹೊರಟ ಕಾಯಿನ್ ಎರಡು ಮೂರು ವಾಲೆಟ್ ದಾಟಿ ನಿಮ್ಮ ಹತ್ತಿರ ಬಂದರೂ ಸಾಫ್ಟ್‌ವೇರ್ ಅದರ ಜಾಡು ಹಿಡಿಯುತ್ತದೆ.

ಗಂಜ್‌ನಲ್ಲಿ ತೊಗರಿ ತಂದವರಿಗೆ ಇದು ಬೇಗ ತಿಳಿಯುತ್ತದೆ. ಹತ್ತು ಚೀಲದ ರಾಶಿಯಲ್ಲಿ ಒಂದು ಚೀಲ ಹುಳುಕು ಕಂಡರೆ ಖರೀದಿದಾರ ಇಡೀ ರಾಶಿಯ ತೂಕ ನಿಲ್ಲಿಸುತ್ತಾನೆ. ಆ ಚೀಲ ಯಾವ ಹೊಲದಿಂದ ಬಂತು ಅಂತ ನೀವು ಬೇರೆ ಮಾಡಿ ತೋರಿಸುವ ತನಕ ಉಳಿದ ಒಂಬತ್ತಕ್ಕೂ ಬಿಡುಗಡೆ ಇಲ್ಲ. ನಮ್ಮ ಹುಡುಗನಿಗೆ ಆದದ್ದೂ ಇದೇ. ಬ್ಲಾಕ್‌ಚೈನ್‌ನಲ್ಲಿ ಇನ್ನೊಂದು ಫಜೀತಿ ಇದೆ. ಬೇಡ ಅಂದರೂ ಯಾರು ಬೇಕಾದರೂ ನಿಮ್ಮ ವಿಳಾಸಕ್ಕೆ ಕಾಯಿನ್ ಕಳಿಸಬಹುದು, ನೀವು ತಡೆಯುವ ಹಾಗಿಲ್ಲ.

ಚೀಲ ಬೇರೆ ಮಾಡುವುದು

ದಾಖಲೆ ಹುಡುಕುವ ಮೊದಲು ಕಾಯಿನ್ ಬಂದ ದಾರಿಯನ್ನು ಕಾಗದದ ಮೇಲೆ ಬರೆಯಬೇಕು. ಯುಎಸ್‌ಡಿಟಿ ಟ್ರಾನ್ ಜಾಲದಲ್ಲಿ ಬಂದಿದ್ದರೆ `tronscan.org` ತೆರೆದು, ಹುಡುಕುವ ಜಾಗದಲ್ಲಿ ಇಮೇಲ್‌ನಲ್ಲಿ ಕೊಟ್ಟ ಹ್ಯಾಶ್ ಹಾಕಿ. ಹ್ಯಾಶ್ ಅಂದರೆ 64 ಅಕ್ಷರ ಮತ್ತು ಅಂಕಿಗಳ ಸಾಲು. ವಿಳಾಸ ಬೇರೆ, ಅದು `T` ಅಕ್ಷರದಿಂದ ಶುರುವಾಗಿ 34 ಅಕ್ಷರ ಇರುತ್ತದೆ. ಎಷ್ಟೋ ಜನ ಒಂದನ್ನು ಕೇಳಿದರೆ ಇನ್ನೊಂದನ್ನು ಕೊಡುತ್ತಾರೆ.

ಅಲ್ಲಿ `From` ಮುಂದೆ ಕಳಿಸಿದ ವಿಳಾಸ, `To` ಮುಂದೆ ತಲುಪಿದ ವಿಳಾಸ ಕಾಣುತ್ತದೆ. ನಮ್ಮ ಕೇಸಿನಲ್ಲಿ `From` ಅವನದ್ದೇ ವಾಲೆಟ್. ಹಾಗಾಗಿ ಒಂದು ಹೆಜ್ಜೆ ಹಿಂದೆ ಹೋಗಿ ಆ ವಾಲೆಟ್‌ಗೆ ಏನೇನು ಬಂದಿತ್ತು ಅಂತ ನೋಡಿದೆವು. ಮೂರು ಸಿಕ್ಕವು.

ಮಾರ್ಚ್ ತಿಂಗಳ ಕೂಲಿ 640. ಏಪ್ರಿಲ್ ಮೊದಲ ವಾರ ಬಂದ ಕೂಲಿ 540. ಇನ್ನೊಂದು 305, ಅದು ಅವನೇ ಫೆಬ್ರವರಿಯಲ್ಲಿ ಬೇರೆ ಭಾರತೀಯ ಎಕ್ಸ್‌ಚೇಂಜ್‌ನಲ್ಲಿ ರೂಪಾಯಿ ಕೊಟ್ಟು ಕೊಂಡು ವಾಲೆಟ್‌ಗೆ ತಂದಿದ್ದು. ಒಟ್ಟು 1,485. ಅದರಲ್ಲಿ 1,480 ಕಳಿಸಿದ್ದ, ಐದು ಉಳಿದಿತ್ತು. ಲೆಕ್ಕ ಕೂಡಿತು. ಇದು ಕೂಡದಿದ್ದರೆ ಮುಂದೆ ಹೋಗಬೇಡಿ, ಮರೆತ ಒಂದು ವ್ಯವಹಾರ ಎಲ್ಲೋ ಇದೆ ಅಂತ ಅರ್ಥ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋದೆವು. 640 ಬಂದದ್ದು ಒಂದು ದೊಡ್ಡ ಎಕ್ಸ್‌ಚೇಂಜ್‌ನ ಹೆಸರಿದ್ದ ವಿಳಾಸದಿಂದ. ಆದರೆ 540 ಬೇರೆಯೇ ವಿಳಾಸದಿಂದ ಬಂದಿತ್ತು. ಹೆಸರಿಲ್ಲ. ಬಂದು ಹೋಗುವುದು ನಿಮಿಷಕ್ಕೊಂದು. ಗಿರಾಕಿಗೆ ಕೇಳಿದರೆ, "ಈ ಸಲ ಗುರುತು ಕೇಳದ ಒಂದು ವಿನಿಮಯ ಸೈಟ್‌ನಲ್ಲಿ ಬದಲಿಸಿ ಕಳಿಸಿದೆ, ಫೀಸ್ ಕಡಿಮೆ ಇತ್ತು" ಅಂದ. ಹುಳುಕು ಚೀಲ ಅದೇ ಇರಬೇಕು. ಎಕ್ಸ್‌ಚೇಂಜ್‌ನವರು ಇದನ್ನು ನಮಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಎಲ್ಲಿ ಜಾಸ್ತಿ ಪುರಾವೆ ಬೇಕು ಅಂತ ನಮಗೆ ತಿಳಿಯಿತು.

ಮೂರು ಚೀಲಕ್ಕೆ ಮೂರು ಕಟ್ಟು ಕಾಗದ

ಸಾಮಾನ್ಯವಾಗಿ ಕೇಳುವ ದಾಖಲೆಗಳ ಪಟ್ಟಿ ಉದ್ದ ಇರುತ್ತದೆ. ಸಂಬಳದ ಚೀಟಿ, ಫಾರಂ 16, ಆದಾಯ ತೆರಿಗೆ ರಿಟರ್ನ್‌ನ ಸ್ವೀಕೃತಿ, ಮೂರರಿಂದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನು ಮಾರಿದ ಪತ್ರ, ದಾನಪತ್ರ, ಬೇರೆ ಎಕ್ಸ್‌ಚೇಂಜ್‌ನ ಆರ್ಡರ್ ದಾಖಲೆ, ಕೈಯಲ್ಲಿ ಬರೆದ ಚೀಟಿ ಹಿಡಿದ ಸೆಲ್ಫಿ. ಇದು ಎಲ್ಲರಿಗೂ ಕಳಿಸುವ ಪಟ್ಟಿ. ಎಲ್ಲವನ್ನೂ ತುಂಬಬೇಕು ಅಂತಿಲ್ಲ, ನಿಮ್ಮ ಕಾಯಿನ್‌ಗೆ ಸಂಬಂಧಿಸಿದ್ದು ಬೇಕು.

ಕೂಲಿಯಾಗಿ ಬಂದ ಕಾಯಿನ್‌ಗೆ ಬಿಲ್, ಕೆಲಸದ ಒಪ್ಪಂದ ಅಥವಾ ಇಮೇಲ್ ಮಾತುಕತೆ, ಮಾಡಿಕೊಟ್ಟ ಕೆಲಸದ ಗುರುತು ಬೇಕು. ಅವನ ಹತ್ತಿರ ಬಿಲ್ ಇತ್ತು, ಆದರೆ ಅದರ ಮೇಲೆ ವಾಲೆಟ್ ವಿಳಾಸ ಇರಲಿಲ್ಲ. "ಈಗ ಹಾಕಿ ಹೊಸ ಬಿಲ್ ಮಾಡ್ಲೇನು ಮಾಮಾ?" ಅಂದ. ಬ್ಯಾಡ ಅಂದೆ. ಹಳೇ ತಾರೀಖಿನ ಬಿಲ್ ಇವತ್ತು ತಯಾರಾಗಿದ್ದರೆ ಪಿಡಿಎಫ್ ಒಳಗೇ ಇವತ್ತಿನ ತಾರೀಖು ಉಳಿದಿರುತ್ತದೆ. ಸಿಕ್ಕಿಬಿದ್ದರೆ 540 ಅಷ್ಟೇ ಅಲ್ಲ, ಇಡೀ ಖಾತೆ ಹೋಗುತ್ತದೆ. ಅದರ ಬದಲು ಗಿರಾಕಿಯಿಂದ ಇವತ್ತಿನ ತಾರೀಖಿನಲ್ಲೇ ಒಂದು ಇಮೇಲ್ ತರಿಸಿದೆವು. ಇಂಥ ಬಿಲ್‌ಗೆ, ಇಂಥ ದಿನ, ಇಂಥ ಹ್ಯಾಶ್‌ನಲ್ಲಿ 540 ಕಳಿಸಿದ್ದು ನಾನೇ, ಆ ಸೈಟ್‌ನ ಆರ್ಡರ್ ಪುಟ ಇದು ಅಂತ. ಆ ಆರ್ಡರ್ ಪುಟ ಸಿಕ್ಕಿದ್ದು ನಮ್ಮ ಪುಣ್ಯ.

ಚಾಟ್ ಕೊಡುವುದಾದರೆ ಒಂದೆರಡು ಸ್ಕ್ರೀನ್‌ಶಾಟ್ ಸಾಲದು. ಕೆಲಸ ಒಪ್ಪಿದ್ದು, ದರ ಮಾತಾಡಿದ್ದು, ವಿಳಾಸ ಕೊಟ್ಟದ್ದು, ದುಡ್ಡು ಬಂದಿದೆ ಅಂದದ್ದು, ಎಲ್ಲ ತಾರೀಖಿನ ಸಮೇತ ಸಾಲಾಗಿ ಕಾಣಬೇಕು.

ಕೊಂಡ ಕಾಯಿನ್‌ಗೆ ಬೇಕಾದ್ದು ಬೇರೆ. ಅಲ್ಲಿ ರೂಪಾಯಿ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. 305ರ ಕಥೆ ಹೀಗಿದೆ. ಭಾವ ಜನವರಿಯಲ್ಲಿ ತೊಗರಿ ಮಾರಿದ್ದರು, 4 ಕ್ವಿಂಟಾಲ್, ಕ್ವಿಂಟಾಲಿಗೆ 7,000. ಅಡತಿ ಅಂಗಡಿಯಿಂದ ಅವರ ಖಾತೆಗೆ ಬಂದ ದುಡ್ಡಿನಲ್ಲಿ 27,500 ರೂಪಾಯಿ ಮಗನಿಗೆ ಕಳಿಸಿದ್ದರು. ಅವನು ಅದನ್ನು ಎಕ್ಸ್‌ಚೇಂಜ್‌ಗೆ ಹಾಕಿ ಯುಎಸ್‌ಡಿಟಿ ಕೊಂಡಿದ್ದ. ಹಾಗಾಗಿ ಕಟ್ಟಿನಲ್ಲಿ ಇಟ್ಟದ್ದು ಅಡತಿ ಪಟ್ಟಿ, ಭಾವನ ಹೆಸರಿನ ಪಹಣಿ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಆ ಪುಟ, ಇವನ ಸ್ಟೇಟ್‌ಮೆಂಟ್, ಮತ್ತು ಹಳೇ ಎಕ್ಸ್‌ಚೇಂಜ್‌ನಿಂದ ಇಳಿಸಿಕೊಂಡ ಖರೀದಿ ಹಾಗೂ ವಿತ್‌ಡ್ರಾ ದಾಖಲೆ.

ನಮ್ಮ ಕಡೆಯವರಿಗೆ ತೊಡಕು ಇಲ್ಲೇ. ಒಕ್ಕಲುತನದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇರುವುದಿಲ್ಲ, ಸಂಬಳದ ಚೀಟಿಯಂತೂ ಇಲ್ಲವೇ ಇಲ್ಲ. ಪಹಣಿ ಮತ್ತು ಪಟ್ಟಿಯೇ ನಮ್ಮ ಸಂಬಳದ ಚೀಟಿ. ಆದರೆ ಎರಡೂ ಕನ್ನಡದಲ್ಲಿರುತ್ತವೆ, ನೋಡುವವರು ಬೇರೆ ರಾಜ್ಯದಲ್ಲೋ ಬೇರೆ ದೇಶದಲ್ಲೋ ಕೂತಿರುತ್ತಾರೆ. ಪ್ರತಿ ಕನ್ನಡ ದಾಖಲೆಯ ಕೆಳಗೆ ಇದು ಏನು, ಯಾರ ಹೆಸರು, ಎಷ್ಟು ಎಕರೆ, ಎಷ್ಟು ಮೊತ್ತ ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸೇರಿಸಿ. ಅವರು ಕೇಳಿದರೆ ಮಾತ್ರ ನೋಟರಿ ಮಾಡಿಸಿದ ಅನುವಾದ ಕೊಡಿ. ಸುಮ್ನೆ ಮೊದಲೇ ಖರ್ಚು ಬೇಡ.

ತೊಗರಿ ನಗದಿಗೆ ಮಾರಿದ್ದರೆ? ಆಗ ಕಷ್ಟ. ಪಟ್ಟಿಯ ತಾರೀಖಿಗೆ ಹತ್ತಿರದಲ್ಲಿ ಬ್ಯಾಂಕಿಗೆ ನಗದು ಕಟ್ಟಿದ್ದು ಕಂಡರೆ ಒಪ್ಪಬಹುದು. ಎರಡರ ನಡುವೆ ಏಳೆಂಟು ತಿಂಗಳು ಇದ್ದರೆ ಅದನ್ನು ಪುರಾವೆ ಅಂತ ನಾನೇ ಒಪ್ಪುವುದಿಲ್ಲ, ಅವರು ಹೇಗೆ ಒಪ್ಪುತ್ತಾರೆ.

ಹೆಸರು ಮತ್ತು ಊರಿನ ವಿಷಯವನ್ನೂ ನೋಡಿಕೊಳ್ಳಿ. ಅವನ ಪ್ಯಾನ್‌ನಲ್ಲಿ ತಂದೆಯ ಹೆಸರು ಒಂದು ರೀತಿ, ಪಹಣಿಯಲ್ಲಿ ಇನ್ನೊಂದು ರೀತಿ ಇತ್ತು. ಬ್ಯಾಂಕಿನವರು ಊರು ಗುಲ್ಬರ್ಗಾ ಅಂತ ಇಟ್ಟಿದ್ದರು, ಆಧಾರ್‌ನಲ್ಲಿ ಕಲಬುರಗಿ. 2014ರ ನವೆಂಬರ್‌ನಲ್ಲಿ ಹೆಸರು ಬದಲಾಯಿತು ಅಂತ ನಮಗೆ ಗೊತ್ತು, ದೂರದಲ್ಲಿ ಕೂತವರಿಗೆ ಅವು ಎರಡು ಊರು. ಎರಡೂ ಒಂದೇ ಅಂತ ಪತ್ರದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಬರೆಯದಿದ್ದರೆ ವಿಳಾಸ ಹೊಂದುತ್ತಿಲ್ಲ ಅಂತ ಟಿಕೆಟ್ ಒಂದು ವಾರ ಹಿಂದಕ್ಕೆ ಹೋಗುತ್ತದೆ.

ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ಇಳಿಸಿಕೊಂಡ ಪೂರ್ತಿ ಪಿಡಿಎಫ್ ಆಗಿರಲಿ. ಪಾಸ್‌ವರ್ಡ್ ಇದ್ದರೆ ಹೇಳಿ. ಬೇಡದ ಸಾಲುಗಳನ್ನು ಕಪ್ಪು ಮಾಡಬೇಡಿ, ಮುಚ್ಚಿಟ್ಟಿದ್ದೇನು ಅನ್ನುವ ಹೊಸ ಪ್ರಶ್ನೆ ಹುಟ್ಟುತ್ತದೆ.

ಇನ್ನು ಆ ವಾಲೆಟ್ ನಿಮ್ಮದೇ ಅಂತ ತೋರಿಸಬೇಕು. ಕೆಲವರು ವಾಲೆಟ್ ಆ್ಯಪ್ ತೆರೆದು ವಿಳಾಸ ಮತ್ತು ಹಳೇ ವ್ಯವಹಾರ ತೋರಿಸುವ ವಿಡಿಯೋ ಕೇಳುತ್ತಾರೆ. ಕೆಲವರು ವಾಲೆಟ್‌ನಿಂದ ಒಂದು ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಿಸುತ್ತಾರೆ, ಇಲ್ಲವೇ ಹೇಳಿದಷ್ಟೇ ಚಿಕ್ಕ ಮೊತ್ತ ಕಳಿಸಲು ಹೇಳುತ್ತಾರೆ. ಟಿಕೆಟ್ ಒಳಗೆ ಕೇಳಿದರೆ ಮಾಡಿ. ಆದರೆ ವಾಲೆಟ್‌ನ 12 ಅಥವಾ 24 ಗುಪ್ತ ಪದಗಳನ್ನು ಯಾರಿಗೂ, ಯಾವ ಕಾರಣಕ್ಕೂ ಕೊಡಬೇಡಿ. ವಿಡಿಯೋದಲ್ಲಿ ತಪ್ಪಿಯೂ ಕಾಣಬಾರದು.

ಪತ್ರ

ಪರಿಶೀಲಿಸುವವರು ದಿನಕ್ಕೆ ಎಷ್ಟೋ ಟಿಕೆಟ್ ನೋಡುತ್ತಾರೆ. ಅವರ ಕೆಲಸ ಹಗುರ ಮಾಡಿದರೆ ನಿಮ್ಮದು ಬೇಗ ಮುಗಿಯುತ್ತದೆ. ನಾವು ಒಂದೇ ಪುಟದ ಪತ್ರ ಬರೆದು, ಕಡತಗಳಿಗೆ ನಂಬರ್ ಕೊಟ್ಟೆವು.

```
00_letter.pdf
01_fund_flow.pdf
02_640_invoice_email.pdf
03_540_invoice_sender_email.pdf
04_305_bank_apmc_exchange.pdf
05_wallet_video.mp4
```

`01` ಅನ್ನುವುದು ಒಂದು ಕೋಷ್ಟಕ. ತಾರೀಖು, ಮೊತ್ತ, ಎಲ್ಲಿಂದ, ಎಲ್ಲಿಗೆ, ಹ್ಯಾಶ್, ಯಾಕೆ, ಯಾವ ಕಡತದಲ್ಲಿ ಪುರಾವೆ. ನಾಲ್ಕೇ ಸಾಲು. ನನ್ನ ಅನುಭವದಲ್ಲಿ ಈ ಒಂದು ಪುಟ ಮಾಡುವ ಕೆಲಸವನ್ನು ಐವತ್ತು ಪುಟದ ಸ್ಟೇಟ್‌ಮೆಂಟ್ ಮಾಡುವುದಿಲ್ಲ.

ಪತ್ರದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದೆವು. "540 ಬಂದದ್ದು ನನ್ನ ಗಿರಾಕಿಯಿಂದ. ಅವನು ಬಳಸಿದ ಸೈಟ್‌ಗೆ ಆ ಕಾಯಿನ್ ಎಲ್ಲಿಂದ ಬಂತು ಅನ್ನುವುದು ನನಗೆ ತಿಳಿದಿಲ್ಲ, ಆ ಸೈಟ್‌ಗೂ ನನಗೂ ಸಂಬಂಧ ಇಲ್ಲ." ಇಷ್ಟೇ. ಅವನಿಗೆ ಇದು ಇಷ್ಟವಾಗಲಿಲ್ಲ. ಎಲ್ಲ 1,480 ನಾನೇ ಕೊಂಡಿದ್ದು ಅಂತ ಬರೆದರೆ ಸುಲಭ ಅಲ್ವಾ ಅಂದ. ಅವರಿಗೆ ಬ್ಲಾಕ್‌ಚೈನ್ ಕಾಣುತ್ತದೆ ಅನ್ನುವುದನ್ನೇ ಜನ ಮರೆಯುತ್ತಾರೆ. ಸುಳ್ಳು ಹಿಡಿಯಲು ಅವರಿಗೆ ಒಂದು ನಿಮಿಷ ಸಾಕು.

ಕಳಿಸಿದ ಮೇಲೆ

ಒಂದೇ ಟಿಕೆಟ್‌ನಲ್ಲಿ ಇರಿ. ದಿನಕ್ಕೊಂದು ಹೊಸ ಟಿಕೆಟ್ ತೆರೆದರೆ ದಾಖಲೆ ಚದುರುತ್ತವೆ. ವಾರಕ್ಕೊಮ್ಮೆ ಅದೇ ಟಿಕೆಟ್‌ನಲ್ಲಿ ಮರ್ಯಾದೆಯಿಂದ ಕೇಳಿದರೆ ಸಾಕು. ಉತ್ತರ ಬರದಿದ್ದರೆ ಎಕ್ಸ್‌ಚೇಂಜ್‌ನ ಸೈಟ್‌ನಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಹುಡುಕಿ, ಟಿಕೆಟ್ ನಂಬರ್ ಹಾಕಿ ಬರೆಯಿರಿ. ಗ್ರಾಹಕ ಸಹಾಯವಾಣಿ 1915 ಇದೆ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ ಉಪಯೋಗ ಇಲ್ಲ, ಕ್ರಿಪ್ಟೋ ಎಕ್ಸ್‌ಚೇಂಜ್‌ಗಳು ಆ ವ್ಯವಸ್ಥೆಯ ಒಳಗಿಲ್ಲ.

ಈ ನಡುವೆ ಅದೇ ಗಿರಾಕಿಯಿಂದ ಅದೇ ಖಾತೆಗೆ ಮತ್ತೆ ಕಾಯಿನ್ ಹಾಕಿಸಬೇಡಿ. ಅಣ್ಣನ ಹೆಸರಲ್ಲಿ ಹೊಸ ಖಾತೆ ತೆರೆದು ಅಲ್ಲಿಗೆ ತಿರುಗಿಸುವುದಂತೂ ಬೇಡವೇ ಬೇಡ. ಅದು ಅಡ್ಡದಾರಿ ಅಂತ ಅವರು ಬರೆದುಕೊಳ್ಳುತ್ತಾರೆ, ಅಣ್ಣನ ಖಾತೆಯೂ ಬಂದ್ ಆಗುತ್ತದೆ. ನೀವು ಎಲ್ಲಾದರೂ ಈ ಬಗ್ಗೆ ದೂರಿಕೊಂಡರೆ ಟೆಲಿಗ್ರಾಂನಲ್ಲಿ ಯಾರೋ ಬಂದು "ಒಳಗಿನವರು ಗೊತ್ತು, ಇಷ್ಟು ಕೊಟ್ಟರೆ ಬಿಡಿಸುತ್ತೇನೆ" ಅಂತಾರೆ. ನಮ್ಮ ಹುಡುಗನಿಗೆ ಎರಡನೇ ದಿನವೇ ಇಬ್ಬರು ಬಂದರು.

ತೆರಿಗೆಯನ್ನೂ ಈಗಲೇ ನೋಡಿಕೊಳ್ಳಿ, ಏಕೆಂದರೆ ಮುಂದಿನ ಪ್ರಶ್ನೆ ಅದೇ ಆಗಿರಬಹುದು. ಕೂಲಿಯಾಗಿ ಬಂದ ಯುಎಸ್‌ಡಿಟಿಯ ಅಂದಿನ ರೂಪಾಯಿ ಬೆಲೆ ಅವನ ಕೆಲಸದ ಆದಾಯ. ಮಾರುವಾಗ ಲಾಭ ಆದರೆ ಅದಕ್ಕೆ ಬೇರೆಯಾಗಿ ಶೇ 30 ತೆರಿಗೆ, ಮೇಲೆ ಸೆಸ್. ಮಾರಿದ ಮೊತ್ತದಲ್ಲಿ ಶೇ 1 ಟಿಡಿಎಸ್ ಅನ್ನು ಎಕ್ಸ್‌ಚೇಂಜೇ ಹಿಡಿಯುತ್ತದೆ, ಅದು ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣುತ್ತದೆ. ಎಕ್ಸ್‌ಚೇಂಜ್‌ಗೆ ಒಂದು ಕಥೆ, ರಿಟರ್ನ್‌ನಲ್ಲಿ ಇನ್ನೊಂದು ಕಥೆ ಆಗಬಾರದು.

ನಮಗೆ ಉತ್ತರ ಬರಲು ಹದಿನೇಳು ದಿನ ಹಿಡಿಯಿತು. ನಡುವೆ ಒಮ್ಮೆ ಗಿರಾಕಿಯ ಗುರುತಿನ ಚೀಟಿ ಕೇಳಿದರು. ಅವನು ಸ್ವಲ್ಪ ಗೊಣಗಿದರೂ ಕೊಟ್ಟ. ಎಲ್ಲರೂ ಕೊಡುವುದಿಲ್ಲ, ಅಲ್ಲಿಗೇ ಎಷ್ಟೋ ಕೇಸು ನಿಂತುಹೋಗುತ್ತವೆ. ಕೊನೆಗೆ 940 ಬಿಟ್ಟರು, 540 ಮಾತ್ರ ಪರಿಶೀಲನೆಯಲ್ಲಿ ಇಟ್ಟುಕೊಂಡರು. ಕೆಲವು ಕಡೆ ಪೂರ್ತಿ ಬಿಟ್ಟು ಖಾತೆ ಮುಚ್ಚುತ್ತಾರೆ, ಕೆಲವು ಕಡೆ ಪೂರ್ತಿ ಹಿಡಿದಿಡುತ್ತಾರೆ. ಮೂರು ಚೀಲವನ್ನು ಬೇರೆ ಮಾಡಿ ಕೊಟ್ಟಿರದಿದ್ದರೆ 940 ಕೂಡ ಅಲ್ಲೇ ಇರುತ್ತಿತ್ತು ಅಂತ ನನ್ನ ಅಂದಾಜು.

540 ಇನ್ನೂ ಬಂದಿಲ್ಲ. ಗಿರಾಕಿಗೆ ಕಳಿಸುವ ಹೊಸ ಬಿಲ್‌ಗಳಲ್ಲಿ ಈಗ ಎರಡು ಸಾಲು ಹೆಚ್ಚಾಗಿದೆ. ಕಳಿಸುವ ವಿಳಾಸ, ಪಡೆಯುವ ವಿಳಾಸ. ಕೂಲಿಗೆ ಒಂದು ವಾಲೆಟ್, ಭಾವನ ದುಡ್ಡಿಗೆ ಇನ್ನೊಂದು. "ಎರಡೆರಡು ವಾಲೆಟ್ ನೋಡ್ಕೊಳ್ಳೋದು ಕಿರಿಕಿರಿ ಮಾಮಾ" ಅಂತ ಮೊನ್ನೆ ಗೊಣಗುತ್ತಿದ್ದ.